ಮೂರನೇ ಬಿಲ್ ನಿಂತಿದೆ: ಮಾಲೀಕರಿಗೆ ಬರೆಯುವ ಪತ್ರ, ಅದರ ಜೊತೆಗಿಡುವ ಅಳತೆ

ಪ್ರಶ್ನೆ: ಸರ್, ನಾನು ತುಮಕೂರಿನಲ್ಲಿ ಸಣ್ಣ ಕಂಟ್ರಾಕ್ಟರ್. ಎರಡು ಅಂತಸ್ತಿನ ಮನೆ ಕಟ್ಟುತ್ತಿದ್ದೇನೆ. ಮೆಟೀರಿಯಲ್ ಸಮೇತ ಐಟಂ ರೇಟ್ ಒಪ್ಪಂದ ಆಗಿದೆ. ಪ್ರತಿ ಬಿಲ್ಲಿನಲ್ಲಿ 5% ತಡೆಹಿಡಿಯುತ್ತಾರೆ, ಅಡ್ವಾನ್ಸ್ 3 ಲಕ್ಷಕ್ಕೆ ಬಿಲ್ಲಿಗೆ 50 ಸಾವಿರ ಕಡಿತ, 15 ದಿನದಲ್ಲಿ ಹಣ ಕೊಡಬೇಕು ಅಂತ ಇದೆ. ಮೂರನೇ ರನ್ನಿಂಗ್ ಬಿಲ್ 12-08-2025ಕ್ಕೆ ಕೊಟ್ಟೆ. ಇನ್ನೂ ಬಂದಿಲ್ಲ. ಮಾಲೀಕರ ಎಂಜಿನಿಯರ್ ಪ್ಲಾಸ್ಟರಿಂಗ್ ಅಳತೆ ಜಾಸ್ತಿ ಇದೆ, 2,690 ಅಡಿ ಮಾತ್ರ ಬರುತ್ತೆ ಅಂತಾರೆ, ನಾನು 2,840 ಹಾಕಿದ್ದೇನೆ. ಮಾಲೀಕರು ‘ನೋಡೋಣ’ ಅಂತಲೇ ಇದ್ದಾರೆ. ಅಳತೆ ಎಲ್ಲ ಡೈರಿಯಲ್ಲಿದೆ. ಸಂಬಂಧ ಕೆಡದ ಹಾಗೆ ಪತ್ರ ಹೇಗೆ ಬರೆಯಲಿ?

ಉತ್ತರ:

ಮೊದಲು ನಿಮ್ಮ ಬಿಲ್ಲಿನ ಲೆಕ್ಕ ಒಂದು ಸಲ ನೋಡೋಣ. ನೀವು ಕಳಿಸಿದ ಬಿಲ್ಲಿನಲ್ಲಿ ನಾಲ್ಕು ಐಟಂ ಇವೆ. ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ 1,550 ಚದರಡಿ, 95 ರೂಪಾಯಿಯಂತೆ 1,47,250. ಮೇಲಿನ ಮೌಲ್ಡ್ ಮತ್ತು ಬೀಮಿನ ಕಾಂಕ್ರೀಟ್, ಸೆಂಟ್ರಿಂಗ್ ಸೇರಿ 17.5 ಘನ ಮೀಟರ್, 9,000ದಂತೆ 1,57,500. ಕಬ್ಬಿಣ 1,620 ಕೆಜಿ, 80ರಂತೆ 1,29,600. ಕೆಳಮನೆಯ ಒಳಗೋಡೆ ಪ್ಲಾಸ್ಟರಿಂಗ್ 2,840 ಚದರಡಿ, 48ರಂತೆ 1,36,320. ಒಟ್ಟು 5,70,670 ರೂಪಾಯಿ. ಅದರಲ್ಲಿ 5% ಅಂದರೆ 28,533.50, ಅಡ್ವಾನ್ಸ್ ಕಡಿತ 50,000. ಇವೆರಡನ್ನೂ ಕಳೆದರೆ ನಿಮ್ಮ ಕೈಗೆ ಬರಬೇಕಾದದ್ದು 4,92,136.50.

ಈಗ ತಕರಾರು ಎಷ್ಟರದ್ದು ನೋಡಿ. 2,840ರಲ್ಲಿ 2,690 ಕಳೆದರೆ 150 ಚದರಡಿ. 48ರಂತೆ 7,200 ರೂಪಾಯಿ. ಅಂದರೆ ಏಳು ಸಾವಿರದ ಮಾತಿಗೆ ನಾಲ್ಕು ಲಕ್ಷ ತೊಂಬತ್ತೆರಡು ಸಾವಿರ ನಿಂತಿದೆ. ನಿಮ್ಮ ಪತ್ರ ಹೇಳಬೇಕಾದ್ದು ಇದನ್ನೇ. ತಕರಾರಿಲ್ಲದ ಹಣವನ್ನು ಈಗ ಬಿಡುಗಡೆ ಮಾಡಿ, ತಕರಾರಿರುವ ಭಾಗವನ್ನು ಇಂಥ ದಿನ ಇಬ್ಬರೂ ನಿಂತು ಅಳೆಯೋಣ. ಇಷ್ಟು ಬಿಟ್ಟು ಪತ್ರದಲ್ಲಿ ಬೇರೇನೂ ಬೇಡ. ಹಬ್ಬ ಬಂತು, ಆಳುಗಳ ಬಟವಾಡೆ ಆಗಬೇಕು, ಸಿಮೆಂಟ್ ಅಂಗಡಿಯವರು ಪೀಡಿಸುತ್ತಿದ್ದಾರೆ, ಇದೆಲ್ಲ ನಿಜವೇ ಇರಬಹುದು. ಅದನ್ನು ಫೋನಿನಲ್ಲಿ ಹೇಳಿ. ಪತ್ರದಲ್ಲಿ ಬರೆದರೆ ನೀವು ಸಹಾಯ ಕೇಳಿದ ಹಾಗೆ ಕಾಣುತ್ತದೆ. ನೀವು ಕೇಳುತ್ತಿರುವುದು ಆದ ಕೆಲಸದ ಹಣ.

ಆದರೆ ಪತ್ರಕ್ಕೆ ಕೈ ಹಾಕುವ ಮೊದಲು ಅಳತೆ ಪಟ್ಟಿ ಸರಿ ಮಾಡಿಕೊಳ್ಳಿ. ಡೈರಿಯ ಪುಟದ ಫೋಟೋ ಲಗತ್ತಿಸಿದರೆ ಸಾಲದು. ‘ಬೆಡ್‌ರೂಂ ಪ್ಲಾಸ್ಟರ್ 440’ ಅಂತ ಡೈರಿಯಲ್ಲಿ ಇದ್ದರೆ ಅದು ನಿಮಗೆ ಅರ್ಥವಾಗುತ್ತದೆ, ಮಾಲೀಕರಿಗೆ ಆಗುವುದಿಲ್ಲ. ಅವರು ಟೇಪ್ ಹಿಡಿದು ಆ ಕೋಣೆಗೆ ಹೋಗಿ, ನಿಮ್ಮ ಪಟ್ಟಿಯ ಸಾಲನ್ನು ಗೋಡೆಯ ಮೇಲೆ ತಾವೇ ಅಳೆದು ನೋಡುವಂತಿರಬೇಕು. ಅದಕ್ಕೆ ಪ್ರತಿ ಸಾಲಿನಲ್ಲೂ ಜಾಗ, ಸಂಖ್ಯೆ, ಉದ್ದ, ಅಗಲ ಅಥವಾ ಎತ್ತರ, ಬಂದ ಪ್ರಮಾಣ ಇರಲಿ. ಕಳೆಯುವುದನ್ನು ಬೇರೆ ಸಾಲಿನಲ್ಲಿ ಮೈನಸ್ ಹಾಕಿ ತೋರಿಸಿ. ಪಿಡಬ್ಲ್ಯುಡಿಯ ಅಳತೆ ಪುಸ್ತಕ, ಅಂದರೆ ಎಂ.ಬಿ., ನೋಡಿದ್ದರೆ ನಿಮಗೆ ಈ ರೀತಿ ಗೊತ್ತೇ ಇರುತ್ತದೆ.

ನಿಮ್ಮ ತಕರಾರಿರುವ ಪ್ಲಾಸ್ಟರಿಂಗಿನಲ್ಲೇ ಒಂದು ಕೋಣೆ ತೆಗೆದುಕೊಳ್ಳೋಣ. ಕೋಣೆ 12 ಅಡಿಗೆ 11 ಅಡಿ, ಎತ್ತರ 10 ಅಡಿ. ಹಾಲ್ ಕಡೆಗೆ 3 ಅಡಿಗೆ 7 ಅಡಿಯ ಬಾಗಿಲು. ಹೊರಗೋಡೆಯಲ್ಲಿ 5 ಅಡಿಗೆ 4 ಅಡಿಯ ಕಿಟಕಿ. ಬಾತ್‌ರೂಂ ಕಡೆಗೆ 2 ಅಡಿಗೆ ಒಂದೂವರೆ ಅಡಿಯ ಗವಾಕ್ಷಿ.

| ವಿವರ | ಸಂಖ್ಯೆ | ಉದ್ದ (ಅಡಿ) | ಎತ್ತರ (ಅಡಿ) | ಚದರಡಿ |
|---|---|---|---|---|
| ಬೆಡ್‌ರೂಂ 1, ಉದ್ದದ ಗೋಡೆ | 2 | 12 | 10 | 240.00 |
| ಬೆಡ್‌ರೂಂ 1, ಅಡ್ಡ ಗೋಡೆ | 2 | 11 | 10 | 220.00 |
| ಕಳೆಯಿರಿ: ಬಾಗಿಲು, ಅರ್ಧ | 1 × ½ | 3 | 7 | −10.50 |
| ಕಳೆಯಿರಿ: ಕಿಟಕಿ, ಅರ್ಧ | 1 × ½ | 5 | 4 | −10.00 |
| ಗವಾಕ್ಷಿ, 3 ಚದರಡಿ, ಕಡಿತ ಇಲ್ಲ | 1 | 2 | 1.5 | 0.00 |
| ಒಟ್ಟು | | | | 439.50 |

ಈ ಅರ್ಧ ಕಡಿತ ಎಲ್ಲಿಂದ ಬಂತು? ನಿಮ್ಮ ಜಗಳದ ಬೇರು ಇಲ್ಲೇ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕಟ್ಟಡ ಕೆಲಸ ಅಳೆಯುವ ರೀತಿಗೆ ಐಎಸ್ 1200 ಅನ್ನುವ ಭಾರತೀಯ ಮಾನಕ ಇದೆ. ಅದರ 12ನೇ ಭಾಗ ಪ್ಲಾಸ್ಟರಿಂಗಿನದು. ಬಾಗಿಲು ಕಿಟಕಿಯ ತೆರವು ಅರ್ಧ ಚದರ ಮೀಟರ್ ಒಳಗಿದ್ದರೆ ಏನೂ ಕಳೆಯಬೇಕಿಲ್ಲ. ನಮ್ಮ ಲೆಕ್ಕದಲ್ಲಿ ಅದು ಸುಮಾರು 5.4 ಚದರಡಿ. ಅರ್ಧದಿಂದ 3 ಚದರ ಮೀಟರ್ ತನಕ, ಅಂದರೆ ಸುಮಾರು 32 ಚದರಡಿ ತನಕ, ಗೋಡೆಯ ಎರಡು ಮುಖಕ್ಕೂ ಒಂದೇ ಥರದ ಪ್ಲಾಸ್ಟರ್ ಇದ್ದರೆ ಒಂದು ಮುಖದ ತೆರವನ್ನು ಮಾತ್ರ ಕಳೆಯಬೇಕು. ಇನ್ನೊಂದು ಮುಖದ್ದನ್ನು ಕಳೆಯದೇ ಬಿಡುವುದಕ್ಕೆ ಕಾರಣ ಇದೆ. ಬಾಗಿಲಿನ ಪಕ್ಕದ ಗೋಡೆಯ ದಪ್ಪ, ಮೇಲ್ಭಾಗ, ಕಿಟಕಿಯ ಕೆಳಗಟ್ಟೆ, ಇಲ್ಲೆಲ್ಲ ಗಾರೆಯವರು ಕೈಯಾಡಿಸಲೇಬೇಕು. ಅಂಚು ನೇರ ಮಾಡಲು ಹೊತ್ತೂ ಜಾಸ್ತಿ ಹಿಡಿಯುತ್ತದೆ. ಅದನ್ನು ಬೇರೆಯಾಗಿ ಅಳೆಯುವುದಿಲ್ಲ. ಅದಕ್ಕೆ ಬದಲಾಗಿಯೇ ಈ ರಿಯಾಯಿತಿ. ಹೊರಗೊಂದು ಒಳಗೊಂದು ಥರದ ಪ್ಲಾಸ್ಟರ್ ಇದ್ದು, ಚೌಕಟ್ಟು ಗೋಡೆಯ ನಡುಮಧ್ಯಕ್ಕೆ ಕೂತಿದ್ದರೆ ಎರಡೂ ಕಡೆ ಅರ್ಧರ್ಧ ಕಳೆಯುತ್ತಾರೆ. ಚೌಕಟ್ಟು ಒಂದು ಕಡೆಗೆ ಸರಿದಿದ್ದರೆ, ಪಕ್ಕದ ಗೋಡೆದಪ್ಪ ಕಡಿಮೆ ಕಾಣುವ ಕಡೆ ಪೂರ್ತಿ ಕಳೆದು ಇನ್ನೊಂದು ಕಡೆ ಬಿಡುತ್ತಾರೆ. ಹಾಗಾಗಿ ಕಿಟಕಿ ಚೌಕಟ್ಟು ಎಲ್ಲಿ ಕೂತಿದೆ ಅಂತ ಹೋಗಿ ನೋಡಿಕೊಂಡೇ ಪಟ್ಟಿ ಬರೆಯಿರಿ. ಮೇಲಿನ ಪಟ್ಟಿಯಲ್ಲಿ ಅದು ಮಧ್ಯಕ್ಕಿದೆ ಅಂತ ಇಟ್ಟುಕೊಂಡಿದ್ದೇನೆ. ಬಾಗಿಲಿನದು ಎರಡೂ ಕಡೆ ಒಳ ಪ್ಲಾಸ್ಟರೇ, ಹಾಗಾಗಿ ಒಂದು ಮುಖದ ಕಡಿತವನ್ನು ಹಾಲಿಗೆ ಅರ್ಧ, ಕೋಣೆಗೆ ಅರ್ಧ ಹಂಚಿದ್ದೇನೆ. ಒಟ್ಟಿನಲ್ಲಿ ಒಂದೇ.

3 ಚದರ ಮೀಟರಿಗಿಂತ ದೊಡ್ಡದಾದರೆ ಲೆಕ್ಕ ತಿರುಗುತ್ತದೆ. ನಿಮ್ಮ ಹಾಲಿಗೂ ಊಟದ ಕೋಣೆಗೂ ನಡುವೆ 6 ಅಡಿಗೆ 7 ಅಡಿಯ ತೆರೆದ ಜಾಗ ಇದ್ದರೆ ಅದು 42 ಚದರಡಿ. ಎರಡೂ ಮುಖದಲ್ಲಿ ಪೂರ್ತಿ ಕಳೆಯಬೇಕು. ಆದರೆ ಆಗ ಪಕ್ಕದ ದಪ್ಪಕ್ಕೆ ಹಾಕಿದ ಪ್ಲಾಸ್ಟರನ್ನು ಸೇರಿಸಿಕೊಳ್ಳಬಹುದು. ಎರಡು ಪಕ್ಕ 7 ಅಡಿ, ಮೇಲೆ 6 ಅಡಿ, ಸೇರಿ 20 ಅಡಿ. ಆರಿಂಚಿನ ಗೋಡೆಗೆ ಅದು 10 ಚದರಡಿ. ಇಂಥ ದೊಡ್ಡ ತೆರವನ್ನು ಕಳೆಯದೇ ಬಿಟ್ಟಿದ್ದೀರಾ ಅಂತ ನಿಮ್ಮ ಡೈರಿಯಲ್ಲಿ ನೋಡಿಕೊಳ್ಳಿ. ಬಿಟ್ಟಿದ್ದರೆ ಅಷ್ಟರಮಟ್ಟಿಗೆ ಅವರ ಎಂಜಿನಿಯರ್ ಹೇಳುವುದೇ ಸರಿ.

ಆ ಎಂಜಿನಿಯರ್ ಬಹುಶಃ ಎಲ್ಲ ತೆರವನ್ನೂ ಪೂರ್ತಿ ಕಳೆದಿದ್ದಾರೆ. ಇದೇ ಬೆಡ್‌ರೂಂಗೆ ಅವರ ಲೆಕ್ಕ 460ರಲ್ಲಿ 21, 20, 3 ಕಳೆದು 416 ಆಗುತ್ತದೆ. ನಿಮಗೂ ಅವರಿಗೂ ಒಂದು ಕೋಣೆಯಲ್ಲಿ 23.5 ಚದರಡಿ ವ್ಯತ್ಯಾಸ. ಇಂಥ ಐದಾರು ಕೋಣೆ ಸೇರಿದರೆ ನೀವು ಹೇಳಿದ 150ರ ಹತ್ತಿರ ಬಂತು, ಅಲ್ವಾ? ಇಬ್ಬರ ಟೇಪೂ ಸರಿಯಾಗಿಯೇ ಇದೆ, ಕಳೆಯುವ ನಿಯಮ ಬೇರೆ ಅಷ್ಟೇ. ಇದು ಗೊತ್ತಾದ ಮೇಲೆ ಮಾತು ಸುಲಭ. ‘ಅಳತೆ ಜಾಸ್ತಿ ತೋರಿಸಿದ್ದೀರಿ’ ಅನ್ನುವುದು ನಿಮ್ಮ ಪ್ರಾಮಾಣಿಕತೆಯ ಮೇಲಿನ ಮಾತು. ‘ಕಡಿತ ಯಾವ ನಿಯಮದ ಪ್ರಕಾರ’ ಅನ್ನುವುದು ಕೂತು ಬಗೆಹರಿಸುವ ಮಾತು. ಪತ್ರ ಎರಡನೆಯದನ್ನೇ ಹಿಡಿಯಲಿ.

ಒಂದು ಎಚ್ಚರಿಕೆ. ನಿಮ್ಮ ಒಪ್ಪಂದದಲ್ಲಿ ಅಳತೆಯ ರೀತಿ ಬರೆದಿದ್ದರೆ ಅದೇ ಅಂತಿಮ. ‘ಎಲ್ಲ ಬಾಗಿಲು ಕಿಟಕಿ ಪೂರ್ತಿ ಕಡಿತ’ ಅಂತ ನೀವು ಸಹಿ ಹಾಕಿದ್ದರೆ ಐಎಸ್ 1200 ತೋರಿಸಿ ಪ್ರಯೋಜನ ಇಲ್ಲ. ಒಪ್ಪಂದ ಸುಮ್ಮನಿದ್ದರೆ ಮಾತ್ರ ಆ ಮಾನಕವನ್ನು ಇಬ್ಬರೂ ಒಪ್ಪಬಹುದಾದ ಅಳತೆಗೋಲು ಅಂತ ಮುಂದಿಡಿ. ಹಿಂದಿನ ಎರಡು ಬಿಲ್ಲಿನಲ್ಲಿ ಯಾವ ರೀತಿ ಕಳೆದಿದ್ದೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬಿಲ್ಲಿಗೊಂದು ನಿಯಮ ಆಗಬಾರದು.

ಈಗ ತಕರಾರೇ ಇಲ್ಲದ ಐಟಂಗಳಿಗೆ ಬನ್ನಿ. ಪ್ಲಾಸ್ಟರಿಂಗಿಗಿಂತ ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ಬ್ಲಾಕ್ ಗೋಡೆಯ ಬಗ್ಗೆ. ಅದನ್ನು ಇನ್ನೂ ಯಾರೂ ಕೆದಕಿಲ್ಲ. ನೀವು ವಿವರವಾದ ಪಟ್ಟಿ ಕೊಟ್ಟ ತಕ್ಷಣ ಕೆದಕುತ್ತಾರೆ. ಗೋಡೆ ಉದ್ದವನ್ನು ಮೂಲೆಯಿಂದ ಮೂಲೆಗೆ ಒಂದೇ ಸಲ ಟೇಪ್ ಎಳೆದು ಬರೆದುಕೊಂಡಿದ್ದೀರಾ? ಹಾಗಿದ್ದರೆ ನಡುವೆ ಬರುವ ಕಾಲಂ ಕೂಡ ಬ್ಲಾಕ್ ಅಂತ ಲೆಕ್ಕಕ್ಕೆ ಸೇರಿದೆ. ಆ ಕಾಲಮ್ಮಿನ ಕಾಂಕ್ರೀಟಿಗೆ ನೀವು ಹಿಂದಿನ ಬಿಲ್ಲಿನಲ್ಲಿ ಹಣ ತೆಗೆದುಕೊಂಡಾಗಿದೆ. ಒಂದಡಿ ಅಗಲದ ಕಾಲಂ 10 ಅಡಿ ಎತ್ತರಕ್ಕೆ 10 ಚದರಡಿ. ಇಂಥ 12 ಕಾಲಂ ಇದ್ದರೆ 120 ಚದರಡಿ, 95ರಂತೆ 11,400 ರೂಪಾಯಿ. ನಿಮ್ಮ ಪ್ಲಾಸ್ಟರಿಂಗ್ ತಕರಾರಿಗಿಂತ ದೊಡ್ಡ ಮೊತ್ತ ಇದು.

ಎತ್ತರದಲ್ಲೂ ಇದೇ ತೊಂದರೆ. ಗೋಡೆ ನೆಲದಿಂದ ಬೀಮಿನ ತಳದ ತನಕ ಮಾತ್ರ ಇರುತ್ತದೆ. ಮೌಲ್ಡಿನ ತನಕ 10 ಅಡಿ ಅಂತ ಬರೆದರೆ ಬೀಮಿನ ಒಂದಡಿ ಚಿಲ್ಲರೆ ಎರಡು ಸಲ ಬಿಲ್ ಆದಂತೆ. ಲಿಂಟಲ್ ಕಾಂಕ್ರೀಟಿಗೆ ಬೇರೆ ಹಣ ಇದ್ದರೆ ಅದರ ಜಾಗವನ್ನೂ ಗೋಡೆಯಿಂದ ಕಳೆಯಬೇಕು. ಗೋಡೆ ಕೆಲಸದಲ್ಲಿ ಪ್ಲಾಸ್ಟರಿಂಗಿನ ರಿಯಾಯಿತಿ ಇಲ್ಲ. ಸುಮಾರು ಒಂದು ಚದರಡಿ ಮೀರಿದ ಪ್ರತಿ ತೆರವೂ ಪೂರ್ತಿ ಕಡಿತ. ಬಾಗಿಲು ಕಿಟಕಿ ಇರುವಲ್ಲಿ ಬ್ಲಾಕೇ ಇಲ್ಲವಲ್ಲ.

ಇದನ್ನೆಲ್ಲ ಪತ್ರ ಕಳಿಸುವ ಮೊದಲೇ ನೋಡಿ. ತಪ್ಪು ಸಿಕ್ಕಿದರೆ ನೀವೇ ಬಿಲ್ ತಿದ್ದಿ, ‘ಮರುಪರಿಶೀಲನೆಯಲ್ಲಿ ಇಷ್ಟು ಕಡಿಮೆ ಮಾಡಿದ್ದೇನೆ’ ಅಂತ ಒಂದು ಸಾಲು ಬರೆಯಿರಿ. ಎದುರು ಕಡೆಯವರು ಕಂಡುಹಿಡಿದರೆ ಮಾತು ಆ 11,400ಕ್ಕೆ ನಿಲ್ಲುವುದಿಲ್ಲ, ಪೂರ್ತಿ ಬಿಲ್ಲನ್ನು ಮತ್ತೆ ಅಳೆಯಿರಿ ಅನ್ನುತ್ತಾರೆ. ಹಾಗಂದರೆ ಅವರನ್ನು ತಪ್ಪು ಅನ್ನುವ ಹಾಗೂ ಇಲ್ಲ. ಕೆಳಗಿನ ಪತ್ರವನ್ನು ಬ್ಲಾಕ್ ಲೆಕ್ಕ ಸರಿಯಾಗಿದೆ ಅಂತ ಇಟ್ಟುಕೊಂಡು ಬರೆದಿದ್ದೇನೆ. ಅಂಕಿ ಬದಲಾದರೆ ಅಲ್ಲೂ ಬದಲಿಸಿ.

ಕಬ್ಬಿಣದ್ದು ಬೇರೆ ಕಥೆ. ಕಾಂಕ್ರೀಟಿನೊಳಗೆ ಹೋದ ಮೇಲೆ ಅದನ್ನು ಅಳೆಯಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಸಾಕ್ಷಿ ಅಂದರೆ ಬಾರ್ ಬೆಂಡಿಂಗ್ ಪಟ್ಟಿ, ಡ್ರಾಯಿಂಗ್, ಮೌಲ್ಡ್ ಹಾಕುವ ಮುಂಚೆ ತೆಗೆದ ಫೋಟೋ, ಎಂಜಿನಿಯರ್ ಬಂದು ಪರಿಶೀಲಿಸಿದ ದಿನದ ಸಹಿ ಅಥವಾ ವಾಟ್ಸ್ಯಾಪ್ ಸಂದೇಶ. ಪಟ್ಟಿಯ ಸಾಲು ಹೀಗಿರಲಿ: ಬೆಡ್‌ರೂಂ ಮೌಲ್ಡ್, 10 ಎಂಎಂ ಸರಳು, 150 ಎಂಎಂ ಅಂತರ, ಹರವು 3.45 ಮೀಟರ್. 3.45ನ್ನು 0.15ರಿಂದ ಭಾಗಿಸಿದರೆ 23, ಜೊತೆಗೆ ಒಂದು, ಒಟ್ಟು 24 ಸರಳು. ಒಂದೊಂದು 4.2 ಮೀಟರ್, ಸೇರಿ 100.8 ಮೀಟರ್. 10 ಎಂಎಂ ಸರಳು ಮೀಟರಿಗೆ 0.617 ಕೆಜಿ. ಹಾಗಾಗಿ 62.19 ಕೆಜಿ. ಮೀಟರಿನ ತೂಕ ಸಿಗಲು ಎಂಎಂನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸುವುದು ಸೈಟಿನಲ್ಲಿ ಎಲ್ಲರೂ ಬಳಸುವ ಸೂತ್ರ. ಡ್ರಾಯಿಂಗಿನಲ್ಲಿರುವ ಲ್ಯಾಪ್ ಸೇರಿಸಿ. ಕತ್ತರಿಸಿ ಉಳಿದ ತುಂಡು, ಕಟ್ಟುವ ತಂತಿ ಸೇರಿಸಬೇಡಿ, ಅವು ರೇಟಿನಲ್ಲೇ ಬಂದಿವೆ. ಅಂಗಡಿಯಿಂದ ತಂದ ಕಬ್ಬಿಣದ ಬಿಲ್ ಯಾವಾಗಲೂ ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅದನ್ನು ಆಧಾರ ಮಾಡಿಕೊಂಡು ಹಣ ಕೇಳಿದರೆ ತುಂಡಿಗೂ ಹಣ ಕೇಳಿದ ಹಾಗಾಗುತ್ತದೆ.

ಇನ್ನು ಬಿಲ್ಲಿನ ಮುಖಪುಟ. ‘ಇಲ್ಲಿಯ ತನಕ ಆದದ್ದು, ಹಿಂದಿನ ಬಿಲ್ ತನಕ ಆದದ್ದು, ಈ ಬಿಲ್ಲಿನದು’ ಅಂತ ಮೂರು ಕಾಲಂ ಹಾಕಿ. ಬ್ಲಾಕ್ ಗೋಡೆ ಇಲ್ಲಿಯ ತನಕ 4,150, ಹಿಂದಿನ ಬಿಲ್ಲಿಗೆ 2,600, ಈಗ 1,550. ಇದನ್ನು ನೋಡಿದರೆ ಒಂದೇ ಗೋಡೆಗೆ ಎರಡು ಸಲ ಹಣ ಹೋಗಿಲ್ಲ ಅಂತ ಮಾಲೀಕರಿಗೆ ಕಣ್ಣಿಗೆ ಕಾಣುತ್ತದೆ. 5% ಕಡಿತವನ್ನೂ ಅಡ್ವಾನ್ಸ್ ಕಡಿತವನ್ನೂ ನೀವೇ ಬರೆಯಿರಿ. ಅಡ್ವಾನ್ಸಿನಲ್ಲಿ ಈ ಬಿಲ್ ಸೇರಿ 1,50,000 ತೀರಿತು, 1,50,000 ಉಳಿಯಿತು ಅಂತಲೂ ಹಾಕಿ. ಅವರು ನೆನಪಿಸುವ ಮುಂಚೆ ನೀವೇ ಹೇಳಿದ್ದು ಒಳ್ಳೆಯದು. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿ, ಐಟಂ ರೇಟಿನೊಳಗೆ ಬೆರೆಸಬೇಡಿ.

ಸರಿ, ಪತ್ರ. ಒಂದೇ ಪುಟದಲ್ಲಿ ಮುಗಿಯಲಿ. ಮಾಲೀಕರ ವಯಸ್ಸು, ನಿಮ್ಮ ಪರಿಚಯ ನೋಡಿಕೊಂಡು ‘ಮಾನ್ಯರೇ’ ಅಥವಾ ‘ಸರ್’ ಅನ್ನಿ. ಒಳಗಿನ ಅಂಕಿ ಮಾತ್ರ ಹೀಗೇ ಇರಲಿ.

> ದಿನಾಂಕ: 04-10-2025
> ತುಮಕೂರು
>
> ಇವರಿಗೆ,
> ಶ್ರೀ ........................ (ಮಾಲೀಕರು)
> ಪ್ರತಿ: ಶ್ರೀ ........................ (ಎಂಜಿನಿಯರ್)
>
> ವಿಷಯ: 12-08-2025ರ 3ನೇ ರನ್ನಿಂಗ್ ಬಿಲ್ಲಿನ ಹಣ ಬಿಡುಗಡೆ ಕುರಿತು
>
> ಮಾನ್ಯರೇ,
>
> ನಿಮ್ಮ ಮನೆ ಕಟ್ಟಡದ 3ನೇ ರನ್ನಿಂಗ್ ಬಿಲ್ಲನ್ನು 12-08-2025ರಂದು ಕೊಟ್ಟಿದ್ದೇನೆ. ನಮ್ಮ ಒಪ್ಪಂದದಂತೆ 15 ದಿನ, ಅಂದರೆ 27-08-2025ರ ಒಳಗೆ ಪಾವತಿ ಆಗಬೇಕಿತ್ತು. ಬಿಲ್ಲಿನ ಒಟ್ಟು ಮೊತ್ತ ₹5,70,670. ತಡೆಹಿಡಿಯುವ 5% ₹28,533.50 ಮತ್ತು ಅಡ್ವಾನ್ಸ್ ಕಡಿತ ₹50,000 ಕಳೆದು ಬರಬೇಕಾದ ಹಣ ₹4,92,136.50.
>
> ಒಳಗೋಡೆ ಪ್ಲಾಸ್ಟರಿಂಗ್ 2,840 ಚದರಡಿ ಅಲ್ಲ, 2,690 ಚದರಡಿ ಎಂದು ನಿಮ್ಮ ಎಂಜಿನಿಯರ್ ತಿಳಿಸಿದ್ದಾರೆ. ವ್ಯತ್ಯಾಸ 150 ಚದರಡಿ, ₹7,200. ಬಾಗಿಲು ಕಿಟಕಿಯ ಕಡಿತದ ರೀತಿಯಿಂದ ಈ ವ್ಯತ್ಯಾಸ ಬಂದಿದೆ ಎಂದು ನನ್ನ ತಿಳಿವಳಿಕೆ. ನಾನು ಐಎಸ್ 1200, ಭಾಗ 12ರ ರೀತಿಯಲ್ಲಿ ಕಳೆದಿದ್ದೇನೆ. ಕೋಣೆವಾರು ಅಳತೆ ಜೊತೆಗಿದೆ.
>
> ಈ ಭಾಗವನ್ನು 12-10-2025, ಭಾನುವಾರ ಬೆಳಿಗ್ಗೆ 10 ಗಂಟೆಗೆ ಸೈಟಿನಲ್ಲಿ ಎಲ್ಲರೂ ಸೇರಿ ಅಳೆಯೋಣ ಎಂದು ಕೋರುತ್ತೇನೆ. ಆ ದಿನ ಆಗದಿದ್ದರೆ ನಿಮಗೆ ಅನುಕೂಲವಾದ ಬೇರೆ ದಿನ ತಿಳಿಸಿ.
>
> ಬಿಲ್ಲಿನ ಉಳಿದ ಭಾಗದ ಬಗ್ಗೆ ಈವರೆಗೆ ಯಾವ ಆಕ್ಷೇಪವೂ ಬಂದಿಲ್ಲ. ಆದ್ದರಿಂದ ₹7,200 ಬಿಟ್ಟು ಉಳಿದ ₹5,63,470ಕ್ಕೆ ಮೇಲಿನ ಕಡಿತಗಳನ್ನು ಮಾಡಿ, ₹4,85,296.50ನ್ನು 11-10-2025ರ ಒಳಗೆ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಜಂಟಿ ಅಳತೆಯಲ್ಲಿ ಬಂದಷ್ಟನ್ನು ನಂತರ ಸೇರಿಸಬಹುದು.
>
> ಇದು ರನ್ನಿಂಗ್ ಬಿಲ್ ಆದ್ದರಿಂದ ಈ ಪಾವತಿ ಕೊನೆಯ ಬಿಲ್ಲಿನ ಲೆಕ್ಕಕ್ಕೆ ಒಳಪಟ್ಟಿರುತ್ತದೆ. ಹೆಚ್ಚುಕಡಿಮೆ ಕಂಡುಬಂದರೆ ಮುಂದಿನ ಬಿಲ್ಲಿನಲ್ಲಿ ಸರಿಪಡಿಸುತ್ತೇನೆ.
>
> ಇಂತಿ ನಿಮ್ಮ ವಿಶ್ವಾಸಿ,
> (ಸಹಿ)
>
> ಲಗತ್ತು: 1. 3ನೇ ಬಿಲ್ಲಿನ ಪ್ರತಿ  2. ಐಟಂವಾರು ಅಳತೆ ಪಟ್ಟಿ  3. ಬಾರ್ ಬೆಂಡಿಂಗ್ ಪಟ್ಟಿ  4. ಮೌಲ್ಡ್ ಹಾಕುವ ಮುಂಚಿನ ಫೋಟೋಗಳು  5. 2ನೇ ಬಿಲ್ಲಿನ ಪ್ರಮಾಣಗಳ ಪ್ರತಿ

ಕೊನೆಯ ಪ್ಯಾರಾವನ್ನು ಬಿಡಬೇಡಿ. ಮನೆ ಕಟ್ಟಿಸುವವರಿಗೆ ಒಂದು ಭಯ ಇರುತ್ತದೆ. ಹಣ ಕೊಟ್ಟರೆ ಕೆಲಸ ಪೂರ್ತಿ ಒಪ್ಪಿಕೊಂಡ ಹಾಗೆ, ಆಮೇಲೆ ಪ್ಲಾಸ್ಟರ್ ಬಿರುಕು ಬಿಟ್ಟರೂ ಕೇಳುವ ಹಾಗಿಲ್ಲ ಅಂದುಕೊಂಡಿರುತ್ತಾರೆ. ರನ್ನಿಂಗ್ ಬಿಲ್ ಅಂದರೆ ಮುಂದಿನ ದೊಡ್ಡ ಲೆಕ್ಕದ ಮೇಲೆ ಕೊಡುವ ಹಣ. ಅದನ್ನು ನೀವೇ ಬರೆದುಕೊಟ್ಟರೆ ಅವರ ಕೈ ಸಡಿಲವಾಗುತ್ತದೆ. ಸಾಲದ್ದಕ್ಕೆ 5% ಅವರ ಹತ್ತಿರವೇ ಇದೆ.

ಮೊದಲ ಪತ್ರದಲ್ಲಿ ಬಡ್ಡಿ, ವಕೀಲರು, ಕೆಲಸ ನಿಲ್ಲಿಸುತ್ತೇನೆ, ಈ ಮೂರೂ ಬೇಡ. ನಿಮಗೆ ಇನ್ನೂ ಟೈಲ್ಸ್, ಬಣ್ಣ, ಹೊರ ಪ್ಲಾಸ್ಟರ್ ಕೆಲಸ ಇದೆ. ಜೊತೆಗೆ ಒಪ್ಪಂದದಲ್ಲಿ ಅಂಥ ಹಕ್ಕು ಬರೆದಿಲ್ಲದೆ ಆಳುಗಳನ್ನು ತೆಗೆದುಬಿಟ್ಟರೆ ‘ಕಂಟ್ರಾಕ್ಟರ್ ಕೆಲಸ ಬಿಟ್ಟು ಹೋದ’ ಅಂತ ಅವರು ಬರೆಯಬಹುದು. ಆಗ ಹಣ ಕೇಳುತ್ತಿದ್ದ ನೀವು ಉತ್ತರ ಕೊಡುವ ಜಾಗಕ್ಕೆ ಬರುತ್ತೀರಿ.

ಪತ್ರವನ್ನು ಕೈಯಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ‘ತಲುಪಿದೆ’ ಅಂತ ಸಹಿ, ದಿನಾಂಕ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಮುಜುಗರ ಅನ್ನಿಸಿದರೆ ಇಮೇಲಿನಲ್ಲಿ ಲಗತ್ತು ಸಮೇತ ಕಳಿಸಿ, ವಾಟ್ಸ್ಯಾಪಿನಲ್ಲಿ ‘ಸರ್, ಪತ್ರ ಮತ್ತು ಅಳತೆ ಇಮೇಲ್ ಮಾಡಿದ್ದೇನೆ, ನೋಡಿ’ ಅಂತ ಹಾಕಿ. ಅವರು ‘ಮುಂದಿನ ವಾರ ಕೊಡ್ತೀನಿ’ ಅಂತ ಉತ್ತರಿಸಿದರೆ ಆ ಸಂದೇಶ ಅಳಿಸಬೇಡಿ. ಆದ ಕೆಲಸದ ಹಣಕ್ಕೆ ದಾವೆ ಹೂಡಲು ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷ ಇದೆ. ಆ ಅವಧಿ ಮುಗಿಯುವ ಮುಂಚೆ ಬಾಕಿಯನ್ನು ಲಿಖಿತವಾಗಿ ಒಪ್ಪಿ ಸಹಿ ಹಾಕಿದ್ದರೆ, ಆ ದಿನದಿಂದ ಎಣಿಕೆ ಮತ್ತೆ ಶುರುವಾಗುತ್ತದೆ. ಬಾಯಿಮಾತಿಗೆ ಆ ಬೆಲೆ ಇಲ್ಲ.

ಜಂಟಿ ಅಳತೆಯ ದಿನ ನಿಮ್ಮ ಪಟ್ಟಿಯ ಎರಡು ಪ್ರತಿ ಒಯ್ಯಿರಿ. ಒಂದು ಕೋಣೆ ಅಳೆದ ಕೂಡಲೇ ಆ ಸಾಲಿನ ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿ, ಆಮೇಲೆ ಮುಂದಿನ ಕೋಣೆಗೆ ಹೋಗಿ. ಕೊನೆಯಲ್ಲಿ ಒಟ್ಟಿಗೆ ಹಾಕೋಣ ಅಂದರೆ ಎಂಜಿನಿಯರ್‌ಗೆ ಫೋನ್ ಬರುತ್ತದೆ, ಹೊರಟುಹೋಗುತ್ತಾರೆ. ಯಾವ ಸಾಲಿಗೆ ಒಪ್ಪಿಗೆ ಇಲ್ಲವೋ ಅಲ್ಲಿ ಅವರ ಅಂಕಿ, ನಿಮ್ಮ ಅಂಕಿ ಎರಡನ್ನೂ ಬರೆದು ಸಹಿ ಮಾಡಿಸಿ. ಒಪ್ಪದ ಸಾಲಿಗೂ ಸಹಿ ಇರುವುದು ಮುಖ್ಯ. ಅಷ್ಟಾದರೆ ಜಗಳದ ಗಾತ್ರ ಎಷ್ಟು ಅಂತ ಕಾಗದದ ಮೇಲೆ ನಿಂತಿತು, ಅದು ಇನ್ನು ಬೆಳೆಯುವುದಿಲ್ಲ. ಕಡಿತದ ನಿಯಮವನ್ನು ಅವರು ಕೊನೆಗೂ ಒಪ್ಪದಿದ್ದರೆ, 5% ಕಡಿತ ಹೋಗಿ ನಿಮಗೆ ಈಗ ನಿಲ್ಲುವುದು 6,840 ರೂಪಾಯಿ ಮಾತ್ರ. ಅದನ್ನು ಕೊನೆಯ ಬಿಲ್ಲಿಗೆ ಕಾಯ್ದಿರಿಸಿದ್ದೇನೆ ಅಂತ ಪಟ್ಟಿಯಲ್ಲೇ ಬರೆದು ಮುಂದೆ ಹೋಗಿ. ಆದರೆ ಹೊರ ಪ್ಲಾಸ್ಟರ್ ಶುರು ಮಾಡುವ ಮೊದಲು ಅದರ ಅಳತೆ ರೀತಿಯನ್ನು ಎರಡು ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ಅಲ್ಲಿ ಪ್ರಮಾಣ ಇನ್ನೂ ದೊಡ್ಡದು.

11ನೇ ತಾರೀಕು ಕಳೆದು, ಅಳತೆಗೂ ಬರದೆ, ಉತ್ತರವೂ ಇಲ್ಲದಿದ್ದರೆ ಒಂದು ವಾರ ಬಿಟ್ಟು ಎರಡನೇ ಪತ್ರ ಬರೆಯಿರಿ. ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಮೊದಲ ಪತ್ರದ ದಿನಾಂಕ, ಕರೆದ ಅಳತೆಯ ದಿನಾಂಕ, ನೀವು ಸೈಟಿನಲ್ಲಿ ಕಾದದ್ದು, ಇಷ್ಟನ್ನು ಬೇಸರ ತೋರಿಸದೆ ಬರೆಯಿರಿ. ಬಡ್ಡಿಯ ಮಾತು ಈ ಪತ್ರದಲ್ಲಿ ಬರಲಿ: ‘ಈ ದಿನಾಂಕದಿಂದ ಬಾಕಿ ಹಣಕ್ಕೆ ಬಡ್ಡಿ ಕೇಳುತ್ತೇನೆ’ ಅಂತ ಒಂದು ಸಾಲು. ಒಪ್ಪಂದದಲ್ಲಿ ಬಡ್ಡಿಯ ದರ ಇಲ್ಲದಿದ್ದರೂ, ಮುಂದೆ ಕೋರ್ಟ್ ತನಕ ಹೋದರೆ ಇಂಥ ಲಿಖಿತ ನೋಟಿಸಿಗೆ ಬೆಲೆ ಇದೆ. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಇದೆಯೇ ಅಂತಲೂ ಆಗಲೇ ನೋಡಿ. ಇದ್ದರೆ ನಿಮ್ಮ ದಾರಿ ಅದೇ, ಮೂರನೇ ಪತ್ರವನ್ನು ವಕೀಲರಿಂದ ಬರೆಸಿ. ಆ ವಕೀಲರು ಮೊದಲು ಕೇಳುವುದು 12-08-2025ರ ಬಿಲ್ ಮಾಲೀಕರಿಗೆ ತಲುಪಿದ್ದಕ್ಕೆ ನಿಮ್ಮ ಹತ್ತಿರ ಏನಿದೆ ಅಂತ. ಈವತ್ತೇ ಅದನ್ನು ಹುಡುಕಿ ತೆಗೆದಿಡಿ. ಸಿಗದಿದ್ದರೆ ಈ ಪತ್ರದ ಜೊತೆಗೆ ಹೋಗುವ ಪ್ರತಿಯ ಮೇಲೆ ಅವರ ಸಹಿ ಬಿಡದೆ ಹಾಕಿಸಿಕೊಳ್ಳಿ.